ಪಾಸ್ಡ್ ಪಾನ್: ಓಡಿಸೋದಾ, ರಾಜನನ್ನು ಕರೆಯೋದಾ?

ಬದಿಯಡ್ಕದ ಜಗಲಿಯಲ್ಲಿ ಚೆಸ್ ಆಡುವಾಗ ತಮ್ಮ ಕೇಳಿದ: ಪಾಸ್ಡ್ ಪಾನ್, ಅಂದರೆ ಎದುರಾಳಿಯ ಯಾವ ಪಾನೂ ತಡೆಯಲಾಗದ ಪಾನ್, ಸಿಕ್ಕಿದೆ, ಓಡಿಸಲಾ, ರಾಜನನ್ನು ಜೊತೆಗೆ ತರಲಾ?

ವೇಗಕ್ಕೆ ಓಟವೇ ಮೇಲು. ಆದರೆ ಮೊದಲು ಪಾನ್‌ನಿಂದ ಕೊನೆಯ ಸಾಲಿನವರೆಗಿನ ಚೌಕ ನೋಡಬೇಕು; ಎದುರಾಳಿ ರಾಜ ಅದರೊಳಗೆ ಹೊಕ್ಕರೆ ಪಾನ್ ಹಿಡಿಯುತ್ತಾನೆ. ಬಿಳಿ ಪಾನ್ a4ನಲ್ಲಿ, ಕಪ್ಪು ರಾಜ f5ನಲ್ಲಿ, ದಾರಿಯಲ್ಲಿ ಬೇರೆ ಕಾಯಿ ಇಲ್ಲ ಅಂತಿಟ್ಟುಕೊಳ್ಳಿ. ಚೌಕದ ಮೂಲೆಗಳು a4, a8, e8, e4. ಬಿಳಿಯ ಸರದಿಯಾದರೆ ಓಡಿಸಿ, ರಾಜ ಹಿಡಿಯಲಾರ. ಕಪ್ಪಿನ ಸರದಿಯಾದರೆ ಅವನು e5ಗೆ ಬಂದು ಚೌಕದೊಳಗೆ ಹೊಕ್ಕ. ಇನ್ನು a5, a6, a7 ಅಂತ ನೀವು ಓಡಿಸಿದರೆ ಅವನು d6, c7, b7 ತಲುಪುತ್ತಾನೆ. ಪಾನ್ ಹೋಯ್ತು, ಅಲ್ವಾ? ಪಾನ್ a2ನಲ್ಲಿದ್ದರೆ ಎರಡು ಮನೆ ಹಾರಬಹುದು, ಹಾಗಾಗಿ a3 ಅಂತಲೇ ಎಣಿಸಿ.

ಭದ್ರತೆಗೆ ನಿಮ್ಮ ರಾಜನೇ ಬೇಕು. ನಿಧಾನ ನಿಜ, ಆದರೆ ಅವನು b7ನಲ್ಲಿ ಕೂತರೆ a6, a7, a8 ಮೂರೂ ಅವನ ಕಾವಲಲ್ಲಿ. ಆದರೆ ಕಪ್ಪು ರಾಜ ಮೊದಲೇ a8 ಸೇರಿದರೆ ಅಂಚಿನ ಪಾನ್‌ಗೆ ರಾಜನ ಬೆಂಬಲವಿದ್ದರೂ ಡ್ರಾ.