ತಾಳಮದ್ದಳೆ ಲೈವ್‌ಗೆ ಬಳಸುತ್ತಿರುವ ಸಣ್ಣ ಆಡಿಯೋ ಇಂಟರ್‌ಫೇಸ್: ಎರಡು ಮಳೆಗಾಲ ದಾಟಿದ ಮೇಲೆ

ನಮ್ಮೂರ ದೇವಸ್ಥಾನದ ಸಭಾಭವನದಲ್ಲಿ ತಿಂಗಳಿಗೊಮ್ಮೆ ತಾಳಮದ್ದಳೆ ನಡೆಯುತ್ತದೆ. ಅದನ್ನು ಯೂಟ್ಯೂಬಿನಲ್ಲಿ ಲೈವ್ ಕೊಡುವ ಕೆಲಸ ನನ್ನದು. ಇರುವ ಸಾಮಾನು ಇಷ್ಟೇ: ಒಂದು ಹಳೆಯ ಹ್ಯಾಂಡಿಕ್ಯಾಮ್, ಅದನ್ನು ಲ್ಯಾಪ್‌ಟಾಪಿಗೆ ಸೇರಿಸಲು ಎಚ್‌ಡಿಎಂಐ ಕ್ಯಾಪ್ಚರ್ ಸ್ಟಿಕ್, ಓಬಿಎಸ್ ತಂತ್ರಾಂಶ, ಮತ್ತೆ ಮೈಕಿನವರ ಮಿಕ್ಸರಿನ ಸದ್ದನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವ, ಅಂಗೈಯಷ್ಟು ದೊಡ್ಡ ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್. ಈ ಕೊನೆಯ ಡಬ್ಬಿಯ ಬಗ್ಗೆಯೇ ಬರೆಯುತ್ತಿದ್ದೇನೆ. ಎರಡು ಆರ್‌ಸಿಎ ಇನ್‌ಪುಟ್, ಒಂದು ಹೆಡ್‌ಫೋನ್ ತೂತು ಇರುವ, 3000 ರೂಪಾಯಿ ಒಳಗೆ ಸಿಗುವ ಸಾದಾ ಮಾದರಿ. ಉಳಿದ ವಿವರ ಮಾರುವ ಪುಟದಲ್ಲೇ ಇರುತ್ತದೆ.

ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಎಲ್ಲವೂ ಮಾತು ಮತ್ತು ಪದ್ಯ. ಚಿತ್ರ ಸ್ವಲ್ಪ ಮಸುಕಾದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಕರ್ಣನ ಅರ್ಥ ಹೇಳುವವರ ವಾಕ್ಯದ ಕೊನೆ ನುಂಗಿ ಹೋದರೆ ಮುಂಬೈಯಲ್ಲಿ, ದುಬೈಯಲ್ಲಿ ಕೂತು ಕೇಳುವವರಿಗೆ ಇಡೀ ವಾದವೇ ಹೋಯಿತು. ಅದಕ್ಕೇ ಹೊಸ ಕ್ಯಾಮೆರಾ ಬಿಟ್ಟು ಮೊದಲು ಇದನ್ನು ತಗೊಂಡೆ. ಕ್ಯಾಮೆರಾದ ಮೈಕಿನಲ್ಲಿ ಫ್ಯಾನಿನ ಸದ್ದು, ಹಿಂದಿನ ಸಾಲಿನ ಮಾತು, ಗೋಡೆಗೆ ಬಡಿದು ಬರುವ ಗುಂಯ್ ಎಲ್ಲ ಸೇರಿರುತ್ತಿತ್ತು. ಮಿಕ್ಸರಿನಿಂದ ನೇರ ತಂತಿ ಎಳೆದ ಮೊದಲ ಸಂಜೆ ಹೆಡ್‌ಫೋನ್ ಹಾಕಿದಾಗ ಭಾಗವತರು ಪದ್ಯಕ್ಕೆ ಮೊದಲು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಆ ಖುಷಿ ಇವತ್ತಿಗೂ ಹಾಗೇ ಇದೆ.

ಆದರೆ ಮಿಕ್ಸರಿನ ಯಾವ ಔಟ್ ತಗೊಳ್ಳುತ್ತೀರಿ ಅನ್ನುವುದೇ ಇಲ್ಲಿ ಮುಖ್ಯ. "ಅಣ್ಣಾ, ಲೈವ್‌ಗೆ ಒಂದು ಔಟ್ ಬೇಕಿತ್ತು" ಅಂದರೆ ಮೈಕಿನವರು ಸಾಮಾನ್ಯವಾಗಿ "ಮೈನ್ ಔಟ್ ಕೊಡ್ತೇನೆ, ಸಾಕಲ್ಲ ಮಾರಾಯ್ರೆ" ಅನ್ನುತ್ತಾರೆ. ಸಾಕಾಗುವುದಿಲ್ಲ. ಅದು ಸಭೆಯ ಸ್ಪೀಕರಿಗೆ ಹೋಗುವ ಸದ್ದು. ಸಣ್ಣ ಸಭಾಭವನದಲ್ಲಿ ಚೆಂಡೆಗೆ ಮೈಕೇ ಬೇಡ, ಅಷ್ಟು ಜೋರು. ಹಾಗಾಗಿ ಮೈಕ್ ಇಟ್ಟರೂ ಮಿಕ್ಸರಿನಲ್ಲಿ ಅದರ ಸದ್ದು ಏರಿಸಿ ಇಳಿಸುವ ಫೇಡರ್ ಪೂರ್ತಿ ಕೆಳಗಿರುತ್ತದೆ. ಸಭೆಯಲ್ಲಿ ಕೂತವರಿಗೆ ಎಲ್ಲವೂ ಹದವಾಗಿ ಕೇಳುತ್ತದೆ. ಲೈವ್ ನೋಡುತ್ತಿದ್ದವರು ಮಾತ್ರ "ಚೆಂಡೆ ಪಕ್ಕದ ಮನೆಯಲ್ಲಿ ಬಾರಿಸಿದ ಹಾಗೆ ಕೇಳ್ತದೆ" ಅಂತ ಬರೆದರು. ಅರ್ಥಧಾರಿಗಳ ಮೈಕಿನೊಳಗೆ ನುಸುಳಿದ ಚೆಂಡೆ ಅಷ್ಟೇ ಅವರಿಗೆ ಹೋಗುತ್ತಿತ್ತು.

ಈಗ ಆಕ್ಸ್ ಔಟ್ ಕೇಳಿ ತಗೊಳ್ಳುತ್ತೇನೆ, ಅಂದರೆ ಪ್ರತಿ ಮೈಕಿನ ಸದ್ದು ಎಷ್ಟು ಬೇಕು ಅಂತ ಬೇರೆಯೇ ಗುಂಡಿಯಲ್ಲಿ ಹೊಂದಿಸಬಹುದಾದ ಔಟ್. ಅದು ಪ್ರೀ-ಫೇಡರ್ ಆಗಿರಬೇಕು. ಅಂದರೆ ಸಭೆಗೆ ಹೋಗುವ ಫೇಡರ್ ಏರಿಸಿ ಇಳಿಸಿದರೂ ನಮ್ಮ ತಂತಿಗೆ ಬರುವ ಸದ್ದು ಬದಲಾಗಬಾರದು. ನಮ್ಮವರ ಮಿಕ್ಸರಿನಲ್ಲಿ ಮಾನಿಟರಿಗೆ ಅಂತ ಇರುವ ಆಕ್ಸ್ ಹಾಗಿದೆ, ಎಫೆಕ್ಟಿಗೆ ಇರುವುದು ಹಾಗಿಲ್ಲ. ಯಾವುದು ಅಂತ ತಿಳಿಯಲು ಸುಲಭ ದಾರಿ ಇದೆ. ಒಬ್ಬರು ಮೈಕಿನಲ್ಲಿ ಮಾತಾಡುತ್ತಿರಲಿ, ಆ ಫೇಡರನ್ನು ಪೂರ್ತಿ ಇಳಿಸಿ. ಹೆಡ್‌ಫೋನಿನಲ್ಲಿ ಮಾತು ಇನ್ನೂ ಕೇಳಿಸುತ್ತಿದ್ದರೆ ಸರಿ. ಆಮೇಲೆ ಹಿಮ್ಮೇಳಕ್ಕೆ ಒಂದು ಮೈಕ್ ಇಟ್ಟು, ಅದರ ಫೇಡರ್ ಕೆಳಗೇ ಬಿಟ್ಟು, ಆಕ್ಸ್ ಗುಂಡಿ ಮಾತ್ರ ಸ್ವಲ್ಪ ತಿರುಗಿಸಿದರೆ ಚೆಂಡೆ ಲೈವ್‌ಗೆ ಬರುತ್ತದೆ, ಸಭೆಗೆ ಜಾಸ್ತಿ ಆಗುವುದಿಲ್ಲ.

ಪ್ರತಿ ಸಲ ಜನ ಬರುವ ಮೊದಲು ಹೋಗುತ್ತೇನೆ. ಚೀಲದಲ್ಲಿ ಒಂದು ತುದಿಗೆ ಪಿ-38 ಪಿನ್, ಇನ್ನೊಂದಕ್ಕೆ ಆರ್‌ಸಿಎ ಇರುವ ಲೀಡ್ ಯಾವಾಗಲೂ ಇರುತ್ತದೆ. ಆಕ್ಸ್ ಒಂದೇ ತಂತಿಯಾದ್ದರಿಂದ ಸದ್ದು ಎಡ ಕಿವಿಗೆ ಮಾತ್ರ ಹೋಗುತ್ತದೆ. ಓಬಿಎಸ್‌ನ `Advanced Audio Properties` ಒಳಗೆ `Mono` ಟಿಕ್ ಮಾಡಿದರೆ ಎರಡೂ ಕಿವಿಗೆ ಬರುತ್ತದೆ. ಆಮೇಲೆ ಭಾಗವತರ ಹತ್ತಿರ ಹೋಗಿ "ಒಮ್ಮೆ ಜಾಗಟೆ ಹೊಡೀತೀರಾ" ಅಂತ ಕೇಳುವುದು. ಯಾಕೆಂದರೆ ಸದ್ದು ಈ ಡಬ್ಬಿಯಿಂದ ಬೇಗ ಬರುತ್ತದೆ, ಚಿತ್ರ ಕ್ಯಾಪ್ಚರ್ ಸ್ಟಿಕ್ ದಾಟಿ ತಡವಾಗಿ ಬರುತ್ತದೆ. ಅದನ್ನು ಲ್ಯಾಪ್‌ಟಾಪಿನಲ್ಲೇ ರೆಕಾರ್ಡ್ ಮಾಡಿ ಒಂದೊಂದೇ ಫ್ರೇಮ್ ನೋಡುತ್ತೇನೆ. ಕೋಲು ಜಾಗಟೆಗೆ ತಾಗುವ 6 ಫ್ರೇಮ್ ಮೊದಲೇ ಸದ್ದು ಬಂದಿತ್ತು ಅಂದುಕೊಳ್ಳಿ. ಸೆಕೆಂಡಿಗೆ 30 ಫ್ರೇಮ್ ಆದರೆ ಒಂದಕ್ಕೆ ಸುಮಾರು 33 ಮಿಲಿಸೆಕೆಂಡ್. ಅಲ್ಲಿಗೆ `Sync Offset` ನಲ್ಲಿ 200 ಹಾಕಬೇಕು. ಮತ್ತೊಮ್ಮೆ ಜಾಗಟೆ, ಮತ್ತೊಮ್ಮೆ ನೋಟ. ಭಾಗವತರಿಗೂ ಈಗ ಇದು ರೂಢಿಯಾಗಿದೆ, ನಾನು ತಲೆ ಎತ್ತಿದರೆ ಸಾಕು ಹೊಡೆಯುತ್ತಾರೆ.

ಇನ್ನು ಬೇಸರದ ವಿಷಯ. ಚಾರ್ಜರ್ ಹಾಕಿದ ಕೂಡಲೇ ಹಿಂದಿನಿಂದ ಒಂದು ಹಮ್ಮಿಂಗ್ ಶುರು. ಮಾತಿನ ನಡುವೆ ಮೌನ ಬಂದಾಗಲೆಲ್ಲ ಅದೇ ಎದ್ದು ಕೇಳುತ್ತದೆ. ಈ ಬೆಲೆಯ ಡಬ್ಬಿಗೆ ಪ್ರತ್ಯೇಕ ಪವರ್ ಇಲ್ಲ, ಲ್ಯಾಪ್‌ಟಾಪಿನಿಂದಲೇ ತಗೊಳ್ಳುತ್ತದೆ. ಮಿಕ್ಸರ್ ಒಂದು ಸಾಕೆಟ್ಟಿನಲ್ಲಿ, ಲ್ಯಾಪ್‌ಟಾಪ್ ಇನ್ನೊಂದರಲ್ಲಿ ಇದ್ದರೆ ಎರಡರ ಅರ್ತಿಂಗ್ ನಡುವೆ ಆಡಿಯೋ ತಂತಿಯ ಮೂಲಕವೇ ಕರೆಂಟ್ ಹರಿಯುತ್ತದೆ. ಚಾರ್ಜರ್ ಕಿತ್ತಾಗ ಸದ್ದು ನಿಂತರೆ ಕಾರಣ ಇದೇ. ನಮ್ಮ ಕಾರ್ಯಕ್ರಮ ನಾಲ್ಕು ತಾಸು, ಬ್ಯಾಟರಿ ಅಷ್ಟು ಬರುವುದಿಲ್ಲ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತಂದಾಗ ಅರ್ಧ ಕಡಿಮೆ ಆಯಿತು. ತಂತಿಯ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದ ಮೇಲೆ ಪೂರ್ತಿ ಹೋಯಿತು. ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಇರುವ ಡಬ್ಬಿ, ಕೆಲವು ನೂರು ರೂಪಾಯಿ. ಸುಮ್ನೆ ಪ್ಲಗ್ಗಿನ ಅರ್ತ್ ಪಿನ್ ಮುರಿಯಿರಿ ಅಂತ ಹೇಳುವವರು ಇರುತ್ತಾರೆ. ಮೈಕ್ ಹಿಡಿದವರಿಗೆ ಶಾಕ್ ಹೊಡೆಯುವ ಕೆಲಸ ಅದು, ಖಂಡಿತ ಬೇಡ.

ಇನ್ನೊಂದು ಕೊರತೆ, ಇದಕ್ಕೆ ಗೇನ್ ಗುಂಡಿ ಇಲ್ಲ. ಮಿಕ್ಸರಿನಿಂದ ಜಾಸ್ತಿ ಬಂದರೆ ಡಬ್ಬಿಯೊಳಗೇ ಸದ್ದು ಒಡೆಯುತ್ತದೆ. ಆಮೇಲೆ ಓಬಿಎಸ್‌ನಲ್ಲಿ ಇಳಿಸಿದರೆ ಒಡೆದ ಸದ್ದೇ ಮೆಲ್ಲಗೆ ಕೇಳುತ್ತದೆ ಅಷ್ಟೇ. ಹಾಗಾಗಿ ಓಬಿಎಸ್ ಸ್ಲೈಡರ್ 0 ಯಲ್ಲಿಟ್ಟು, ಅದರ ಮೀಟರಿನಲ್ಲಿ ಮಾತು −15 ಡಿಬಿಯ ಆಸುಪಾಸು, ಚೆಂಡೆಯ ಪೆಟ್ಟು −6 ಡಿಬಿ ದಾಟದ ಹಾಗೆ ಮಿಕ್ಸರಿನಲ್ಲೇ ಹೊಂದಿಸಬೇಕು. ಚೆಂಡೆಯವರು ಪರೀಕ್ಷೆಗೆ ಮೆಲ್ಲಗೆ ಬಾರಿಸುತ್ತಾರೆ, ಪದ್ಯ ಏರಿದಾಗ ಬೇರೆಯೇ ಜೋರು. ಆ ಜಾಗ ಬಿಟ್ಟಿರಲೇಬೇಕು.

ನೆಟ್ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. ಮೊಬೈಲ್ ಡೇಟಾ ಸಂಜೆ ಪರೀಕ್ಷೆ ಮಾಡುವಾಗ ಚೆನ್ನಾಗಿರುತ್ತದೆ. ಸಭೆ ತುಂಬಿ ಎಲ್ಲರ ಫೋನೂ ಅದೇ ಟವರಿಗೆ ಬಿದ್ದಾಗ ಕುಸಿಯುತ್ತದೆ. ಅದಕ್ಕೆ ಕಚೇರಿಯ ಫೈಬರಿನಿಂದ ಮಾಡಿನ ಅಡಿಯಲ್ಲಿ ಲ್ಯಾನ್ ಕೇಬಲ್ ಎಳೆದಿದ್ದೇವೆ. ಅಪ್‌ಲೋಡ್ 10 ಎಂಬಿಪಿಎಸ್ ಸಿಗುತ್ತದೆ, ನಾನು 720ಪಿ ಚಿತ್ರಕ್ಕೆ 2500 ಕೆಬಿಪಿಎಸ್ ಮಾತ್ರ ಬಳಸುತ್ತೇನೆ. `Dropped Frames` ಸೊನ್ನೆಯಲ್ಲೇ ನಿಂತಿರುತ್ತದೆ.

ಈಗ ಎಡಗಡೆಯ ಆರ್‌ಸಿಎ ಸಾಕೆಟ್ ಸಡಿಲವಾಗಿದೆ, ಲೀಡ್ ಅಲುಗಾಡಿದರೆ ಕರಕರ ಅನ್ನುತ್ತದೆ. ಡಬ್ಬಿಯನ್ನು ಮೇಜಿಗೆ ಟೇಪ್ ಹಾಕಿ ಅಂಟಿಸಿ ನಡೆಸುತ್ತಿದ್ದೇನೆ. ಮಿಕ್ಸರ್ ಮತ್ತು ಮೈಕಿನವರು ಇರುವ ಕಾರ್ಯಕ್ರಮಕ್ಕಾದರೆ ಇದನ್ನೇ ತಗೊಳ್ಳಿ, ಐಸೊಲೇಟರ್ ಜೊತೆಗೇ ತರಿಸಿ. ಮನೆಯಲ್ಲಿ ಸಂಗೀತ ಪಾಠಕ್ಕೆ ನೇರ ಮೈಕ್ ಚುಚ್ಚಬೇಕು ಅಂತಿದ್ದರೆ ಬೇಡ, ಮೈಕಿನ ಸಣ್ಣ ಸದ್ದನ್ನು ಏರಿಸುವ ಪ್ರೀಆಂಪ್ ಇದರಲ್ಲಿ ಇಲ್ಲ. ಇದು ಪೂರ್ತಿ ಕೆಟ್ಟರೆ ನಾನು ಮತ್ತೆ ಇದೇ ಬೆಲೆಯದನ್ನೇ ಕೊಳ್ಳುತ್ತೇನೆ, ಗೇನ್ ಗುಂಡಿ ಇರುವ ಮಾದರಿ ಸಿಕ್ಕರೆ 500 ರೂಪಾಯಿ ಜಾಸ್ತಿ ಕೊಡಲೂ ತಯಾರಿದ್ದೇನೆ.