ಟಿ-ಡಿಎಂ1 ಅಥವಾ ಟಿ-ಡಿಎಕ್ಸ್‌ಡಿ: ಯಾರಿಗೆ ಯಾವುದು?

ಹರ್2 ಸ್ತನ ಕ್ಯಾನ್ಸರ್‌ಗೆ ಟಿ-ಡಿಎಂ1, ಟಿ-ಡಿಎಕ್ಸ್‌ಡಿ ಎಂಬ ಎರಡು ಔಷಧಿಗಳಲ್ಲಿ ಯಾವುದು ಎಂದು ಕೇಳಿದ್ದೀರಿ. ಎರಡರಲ್ಲೂ ಕೀಮೋ ಹೊತ್ತೊಯ್ಯುವುದು ಟ್ರಾಸ್ಟುಜುಮಾಬ್ ಎಂಬ ಆಂಟಿಬಾಡಿಯೇ. ಅದು ಕೋಶದ ಮೇಲಿನ ಹರ್2 ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಕೋಶ ಅದನ್ನು ಒಳಗೆಳೆದುಕೊಂಡ ಮೇಲೆ ಕೀಮೋ ಬಿಡುಗಡೆಯಾಗುತ್ತದೆ. ವ್ಯತ್ಯಾಸ ಇರುವುದು ಆ ಕೀಮೋದಲ್ಲಿ ಮತ್ತು ಅದನ್ನು ಕಟ್ಟಿದ ಕೊಂಡಿಯಲ್ಲಿ.

ಟಿ-ಡಿಎಂ1ನಲ್ಲಿ ಒಂದು ಆಂಟಿಬಾಡಿಗೆ ಸರಾಸರಿ 3.5 ಕೀಮೋ ಅಣುಗಳಿರುತ್ತವೆ. ಕೊಂಡಿ ತುಂಡಾಗುವುದಿಲ್ಲ, ಕೋಶ ಆಂಟಿಬಾಡಿಯನ್ನೇ ಜೀರ್ಣಿಸಬೇಕು. ಆಗ ಸಿಗುವ ಅಣು ಪೊರೆಯನ್ನು ಸುಲಭವಾಗಿ ದಾಟದೆ ಅಲ್ಲೇ ಉಳಿಯುತ್ತದೆ.

ಟಿ-ಡಿಎಕ್ಸ್‌ಡಿಯಲ್ಲಿ ಸುಮಾರು 8 ಅಣುಗಳು. ಕೊಂಡಿಯನ್ನು ಕಿಣ್ವಗಳು ಕತ್ತರಿಸುತ್ತವೆ, ಅಣು ಪಕ್ಕದ ಕೋಶಕ್ಕೂ ನುಸುಳುತ್ತದೆ. ಗೆಡ್ಡೆಯ ಕೆಲವು ಕೋಶಗಳಲ್ಲಿ ಹರ್2 ಕಡಿಮೆ ಇದ್ದರೆ ಇದೇ ಅನುಕೂಲ, ಅಲ್ವಾ? ಹರ್2 ಹೆಚ್ಚಿರುವ, ಹರಡಿದ ಕಾಯಿಲೆಯಲ್ಲೂ ನೇರ ಹೋಲಿಕೆಯಲ್ಲಿ ಕಾಯಿಲೆ ಬೆಳೆಯುವುದನ್ನು ಇದೇ ಜಾಸ್ತಿ ದಿನ ತಡೆದಿದೆ.

ಆದರೆ ಶ್ವಾಸಕೋಶದ ಉರಿಯೂತ ಇದರ ದೊಡ್ಡ ಭಯ. ಒಣಕೆಮ್ಮು, ಏದುಸಿರು ಬಂದರೆ ಮುಂದಿನ ಡೋಸ್‌ವರೆಗೆ ಕಾಯಬೇಡಿ, ಅಂದೇ ಡಾಕ್ಟರಿಗೆ ಹೇಳಿ. ವಾಕರಿಕೆ, ಕೂದಲು ಉದುರುವುದೂ ಇದರಲ್ಲೇ ಜಾಸ್ತಿ. ಶ್ವಾಸಕೋಶ ಮೊದಲೇ ಹಾಳಾಗಿದ್ದರೆ ನನ್ನ ಒಲವು ಟಿ-ಡಿಎಂ1 ಕಡೆಗೆ. ಅಲ್ಲಿ ಪ್ಲೇಟ್‌ಲೆಟ್ ಮತ್ತು ಲಿವರ್ ಪರೀಕ್ಷೆಗಳನ್ನು ಪ್ರತಿ ಡೋಸ್‌ಗೆ ಮುಂಚೆ ಮಾಡಿಸಲೇಬೇಕು.