ನಾಲ್ಕು ಇಂಚಿನ ಮರ್ವ್ 11 ಫಿಲ್ಟರ್: ಕೆಲವು ವರ್ಷ ಬಳಸಿದ ಮೇಲೆ

ಐದರಲ್ಲಿ ನಾಲ್ಕು ಸ್ಟಾರ್. ಫಿಲ್ಟರ್ ಚೆನ್ನಾಗಿದೆ, ಆದರೆ ಎಷ್ಟು ಸಣ್ಣ ಕಣ ಹಿಡಿಯುತ್ತದೆ ಅಂತ ಹೇಳುವ ಮರ್ವ್ ನಂಬರ್ ಒಂದನ್ನೇ ನೋಡಿ ಕೊಳ್ಳಬೇಡಿ.

ನಮ್ಮ ಮನೆ ಡಲ್ಲಾಸ್ ಹತ್ತಿರ. ಮೂರು ಟನ್ ಏಸಿ, ಫರ್ನೇಸ್ ಇರೋದು ಅಟ್ಟದಲ್ಲಿ. ಮೊದಲು ಇದ್ದಿದ್ದು 16x25 ಇಂಚು ಅಳತೆಯ, ಒಂದು ಇಂಚು ದಪ್ಪದ ಫಿಲ್ಟರ್. ಸರ್ವೀಸ್‌ಗೆ ಬಂದವರು ಒಮ್ಮೆ ಅದೇ ಜಾಗಕ್ಕೆ ಮರ್ವ್ 13 ಹಾಕಿ ಹೋದರು. ಧೂಳಿಗೆ ಒಳ್ಳೆಯದು, ನಿಜ. ಆದರೆ ರಿಟರ್ನ್ ಗ್ರಿಲ್ ಹತ್ತಿರ ಸಿಳ್ಳೆ ಹೊಡೆದ ಹಾಗೆ ಸದ್ದು ಶುರುವಾಯಿತು, ಫಿಲ್ಟರ್ ಬ್ಲೋವರ್ ಕಡೆಗೆ ಬಾಗಿತು, ಕೊನೆಯ ಬೆಡ್‌ರೂಮ್‌ಗೆ ತಂಪೇ ತಲುಪುತ್ತಿರಲಿಲ್ಲ.

ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಟನ್ನಿಗೆ ನಿಮಿಷಕ್ಕೆ 400 ಘನ ಅಡಿ ಗಾಳಿ ಅಂತ ಹಿಡಿದರೆ ನಮಗೆ 1200 ಬೇಕು. ಅಷ್ಟೂ ಗಾಳಿ ಮೂರು ಚದರ ಅಡಿಗಿಂತ ಕಡಿಮೆ ಜಾಗದಲ್ಲಿ ನುಗ್ಗಬೇಕು, ಅಂದರೆ ನಿಮಿಷಕ್ಕೆ ಸುಮಾರು 430 ಅಡಿ ವೇಗ. ಒಂದು ಇಂಚಿನ ಫಿಲ್ಟರ್‌ಗೆ 300ರ ಆಸುಪಾಸು ಇದ್ದರೆ ವಾಸಿ. ಮ್ಯಾನೋಮೀಟರ್ ತಂದು ಫಿಲ್ಟರ್‌ನ ಎರಡೂ ಕಡೆ ಒತ್ತಡ ಅಳೆದೆ: ಹೊಸ ಮರ್ವ್ 13ಕ್ಕೆ 0.31, ಅದೇ ಜಾಗದಲ್ಲಿ ಮರ್ವ್ 8ಕ್ಕೆ 0.18 ಇಂಚು, ಈ ಒತ್ತಡ ಅಳೆಯೋದು ನೀರಿನ ಮಟ್ಟದ ಇಂಚಿನಲ್ಲಿ. ನಮ್ಮ ಫರ್ನೇಸ್ ಮೇಲೆ ಬರೆದಿರುವ ಗರಿಷ್ಠ ಮಿತಿ 0.5. ಕಾಯಿಲ್, ಡಕ್ಟ್ ಎಲ್ಲಾ ಸೇರಿ ಅಷ್ಟರಲ್ಲೇ ಮುಗಿಯಬೇಕು, ಫಿಲ್ಟರ್ ಒಂದೇ ಅರ್ಧಕ್ಕಿಂತ ಜಾಸ್ತಿ ನುಂಗಿದರೆ ಉಳಿದಿದ್ದಕ್ಕೆ ಏನು ಗತಿ? ಹೀಗೇ ಬಿಟ್ಟರೆ ಬೇಸಿಗೆಯಲ್ಲಿ ಕಾಯಿಲ್ ಮೇಲೆ ಐಸ್ ಕಟ್ಟಬಹುದು, ಚಳಿಗಾಲದಲ್ಲಿ ಫರ್ನೇಸ್ ಬಿಸಿ ಜಾಸ್ತಿಯಾಗಿ ಲಿಮಿಟ್ ಸ್ವಿಚ್ ಅದನ್ನು ಆಫ್ ಮಾಡಬಹುದು.

ಆಮೇಲೆ ಬಡಗಿಯಷ್ಟೇ ತಾಳ್ಮೆ ಇರುವ ಒಬ್ಬ ಟೆಕ್ನಿಶಿಯನ್ ಸಿಕ್ಕಿ 20x25 ಅಳತೆಯ ನಾಲ್ಕು ಇಂಚಿನ ಕ್ಯಾಬಿನೆಟ್ ಕೂರಿಸಿಕೊಟ್ಟರು. ಮಡಿಕೆಗಳು ಆಳವಾಗಿರುವುದರಿಂದ ಗಾಳಿಗೆ ಸಿಗುವ ಬಟ್ಟೆ ಎಷ್ಟೋ ಪಟ್ಟು ಹೆಚ್ಚು. ಇದರಲ್ಲಿ ಹೊಸ ಮರ್ವ್ 11 ಅಳೆದಾಗ ಬಂದಿದ್ದು 0.11. ಸಿಳ್ಳೆ ನಿಂತಿದೆ, ಬೆಡ್‌ರೂಮ್ ತಂಪಾಗಿದೆ. 0.2 ದಾಟಿದಾಗ ಬದಲಾಯಿಸುತ್ತೇನೆ, ತಾರೀಖು ನೋಡಿ ಅಲ್ಲ.

ಧೂಳಿನ ವಿಷಯ ಹೇಳಬೇಕಂದರೆ, ರ್‍ಯಾಗ್‌ವೀಡ್ ಅನ್ನೋ ಕಳೆಗಿಡದ ಪರಾಗ ದಪ್ಪ ಕಣ, ಅದನ್ನು ಮರ್ವ್ 8 ಕೂಡ ಹೆಚ್ಚುಪಾಲು ಹಿಡಿಯುತ್ತದೆ. ಒಂದರಿಂದ ಮೂರು ಮೈಕ್ರಾನ್ ಕಣಗಳಲ್ಲಿ ವ್ಯತ್ಯಾಸ ಕಾಣುತ್ತದೆ: ಮರ್ವ್ 8ಕ್ಕೆ ಕನಿಷ್ಠ 20%, ಮರ್ವ್ 11ಕ್ಕೆ 65%, ಮರ್ವ್ 13ಕ್ಕೆ 85%. ಒಗ್ಗರಣೆ ಹೊಗೆ ಇನ್ನೂ ಸಣ್ಣದು, ಅದಕ್ಕೆ ಒಲೆ ಮೇಲಿನ ಹುಡ್ ಹಾಕಿ, ಈ ಫಿಲ್ಟರ್ ಮೇಲೆ ಭಾರ ಹಾಕಬೇಡಿ. ಮನೆಯಲ್ಲಿ ಅಸ್ತಮಾ ಇದ್ದರೆ ಇದೇ ಕ್ಯಾಬಿನೆಟ್‌ಗೆ ಮರ್ವ್ 13 ಹಾಕಬಹುದು, ಆದರೆ ಅಳೆದು ಹಾಕಿ.

ಒಂದು ಸ್ಟಾರ್ ಕಳೆದಿದ್ದು ಅಳತೆಗೆ. ‘ನಾಲ್ಕು ಇಂಚು’ ಅಂತ ಮಾರೋದರಲ್ಲಿ ಕೆಲವು ನಿಜಕ್ಕೂ 3¾ ಇಂಚು, ಕೆಲವು 4⅜. ತೆಳ್ಳಗಿನದು ಸಡಿಲವಾಗಿ ಕೂತರೆ ಅಂಚಿನಿಂದಲೇ ಗಾಳಿ ನುಸುಳುತ್ತದೆ, ಆಮೇಲೆ ಮರ್ವ್ ಎಷ್ಟಿದ್ದರೂ ಸುಮ್ನೆ. ಹಳೆಯದನ್ನು ಟೇಪ್ ಹಿಡಿದು ಅಳೆದು ಆರ್ಡರ್ ಮಾಡಿ.